ಆರ್ಡರ್ ಕೈತಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆಗಳು

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಫೌಂಡ್ರಿ ನಡೆಸುವವರು ಕೊಟೇಷನ್ ಕಳಿಸಿ ಆರ್ಡರ್ ಕಳೆದುಕೊಂಡರೆ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: “ರೇಟು ಜಾಸ್ತಿ ಆಯ್ತಂತೆ.” ಯಾವ ರೇಟು, ಎಷ್ಟು ಜಾಸ್ತಿ ಎಂದು ಕೇಳಿದರೆ ಮಾತ್ರ ಅದು ಮುಂದಿನ ಕೊಟೇಷನ್‌ಗೆ ಉಪಯೋಗಕ್ಕೆ ಬರುತ್ತದೆ.

1. ಆರ್ಡರ್ ಇನ್ನೊಬ್ಬರಿಗೆ ಹೋದದ್ದು ಖಾತ್ರಿಯಾದ ಮೇಲೆಯೇ ಫೋನ್ ಮಾಡಿ. ಅದಕ್ಕೆ ಮುಂಚೆ ಕೇಳಿದರೆ ಚೌಕಾಸಿಗೆ ಬಂದಿದ್ದೀರಿ ಎಂದುಕೊಳ್ಳುತ್ತಾರೆ.

2. ಗೆದ್ದವರ ಹೆಸರು, ದರ ಕೇಳಬೇಡಿ. ಪರ್ಚೇಸ್ ಮ್ಯಾನೇಜರ್ ಅದನ್ನು ಹೇಳುವಂತಿಲ್ಲ. “ಸರ್, ಈ ಆರ್ಡರ್ ಮುಗೀತು, ಅದರ ಬಗ್ಗೆ ಕೇಳ್ತಿಲ್ಲ. ನಮ್ಮ ಕೊಟೇಷನ್ ಯಾವ ಸಾಲಿನಲ್ಲಿ ಹಿಂದೆ ಬಿತ್ತು ಹೇಳ್ತೀರಾ?” ಎಂದರೆ ಉತ್ತರ ಕೊಡಲು ಅವರಿಗೂ ಅಡ್ಡಿಯಿಲ್ಲ.

3. ಉತ್ತರ ಬಂದಮೇಲೆ ಕೊಟೇಷನ್ ಬಿಚ್ಚಿಟ್ಟುಕೊಂಡು ಕೂರಿ. ಒಂದು ಲೆಕ್ಕ ನೋಡೋಣ. 12 ಕೆಜಿ ತೂಕದ 1,000 ಕ್ಯಾಸ್ಟಿಂಗ್‌ಗೆ ಕೆಜಿಗೆ 145 ರೂಪಾಯಿ ಬರೆದಿದ್ದೀರಿ; “ಹತ್ತು ಪರ್ಸೆಂಟ್ ಜಾಸ್ತಿ” ಎಂಬ ಉತ್ತರ ಬಂದಿದೆ. ಕೂಡಲೇ ಲೋಹ, ಕರೆಂಟಿನ ಖರ್ಚು ಕಡಿತಗೊಳಿಸಲು ಹೊರಡಬೇಡಿ. ಪ್ಯಾಟರ್ನ್‌ನ 1,80,000 ರೂಪಾಯಿಯನ್ನು ದರದೊಳಗೇ ಸೇರಿಸಿದ್ದರೆ ಒಂದು ಪೀಸಿಗೆ 180, ಕೆಜಿಗೆ 15 ರೂಪಾಯಿ ಅದರದ್ದೇ. ನಿಜವಾದ ಕ್ಯಾಸ್ಟಿಂಗ್ ದರ 130. ಬೇರೆಯವರು ಪ್ಯಾಟರ್ನ್ ಖರ್ಚನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದ್ದರೆ ಹೋಲಿಕೆಯ ಪಟ್ಟಿಯಲ್ಲಿ ನೀವು ದುಬಾರಿಯಾಗಿ ಕಾಣುವುದು ಸಹಜ. ಹಾಗಾಗಿ ಎರಡನೆಯ ಪ್ರಶ್ನೆ ಇದೇ ಇರಲಿ: “ಪ್ಯಾಟರ್ನ್, ಸಾಗಣೆ, ಮಷಿನಿಂಗ್ ಎಲ್ಲ ಸೇರಿಸಿ ಹೋಲಿಸಿದ್ರಾ, ಬರೀ ಕೆಜಿ ದರವಾ?” ಎಲ್ಲ ಸೇರಿಸಿಯೂ ನೀವೇ ಹೆಚ್ಚಿದ್ದರೆ ಆಗ ಯೀಲ್ಡ್ ನೋಡಿ. ಶೇ 65 ಯೀಲ್ಡ್‌ನಲ್ಲಿ ಒಂದು ಕೆಜಿ ಒಳ್ಳೆಯ ಕ್ಯಾಸ್ಟಿಂಗ್‌ಗೆ ಸುಮಾರು 1.54 ಕೆಜಿ ಲೋಹ ಕರಗಿಸಬೇಕು. ಶೇ 72 ಆದರೆ 1.39 ಸಾಕು. ರನ್ನರ್, ರೈಸರ್ ಮತ್ತೆ ಕುಲುಮೆಗೇ ಹೋದರೂ ಕರಗಿಸಿದ ಕರೆಂಟು ವಾಪಸ್ ಬರುವುದಿಲ್ಲ.

4. ದರದ ಕಾರಣ ಹೇಳಿ ಸುಮ್ಮನಾದರೆ ಸ್ಯಾಂಪಲ್, ಡೆಲಿವರಿ ದಿನ, ಟೆಸ್ಟ್ ಸರ್ಟಿಫಿಕೇಟ್ ಬಗ್ಗೆ ಒಂದೊಂದಾಗಿ ವಿಚಾರಿಸಿ. ನನ್ನ ಮಟ್ಟಿಗೆ, “ರೇಟು” ಎಂಬುದು ಎಷ್ಟೋ ಸಲ ಮುಜುಗರ ತಪ್ಪಿಸಿಕೊಳ್ಳುವ ಉತ್ತರ.

5. ಸರ್ಕಾರಿ ಟೆಂಡರ್‌ನ ದಾರಿ ಬೇರೆ. ಮಹಾನಗರ ಪಾಲಿಕೆಯ ಟೆಂಡರ್‌ಗೆ 1999ರ ಕೆಟಿಪಿಪಿ ಕಾಯ್ದೆ ಅನ್ವಯಿಸುತ್ತದೆ. ಭದ್ರಾವತಿಯ ವಿಐಎಸ್‌ಎಲ್ ಸೇಲ್‌ನ ಘಟಕವಾದ್ದರಿಂದ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಮಾಹಿತಿ ಹಕ್ಕು ಮಾತ್ರ ಎರಡು ಕಡೆಯೂ ನಡೆಯುತ್ತದೆ. ನಿಮ್ಮ ಟೆಕ್ನಿಕಲ್ ಬಿಡ್ ತಿರಸ್ಕರಿಸಿದ ಟಿಪ್ಪಣಿಯ ಪ್ರತಿಯನ್ನು ಕೇಳಿ. ಗೆದ್ದವರ ವ್ಯಾಪಾರ ಗುಟ್ಟುಗಳಿಗೆ ವಿನಾಯಿತಿಯಿದೆ. ಪಾಲಿಕೆಗೆ ಅರ್ಜಿ ಹಾಕುವಾಗ ವಿಷಯ ಒಂದೇ ಇರಲಿ, 150 ಪದ ಮೀರದಿರಲಿ.

ಇಲ್ಲೊಂದು ಅಪಾಯವಿದೆ. ಮಾಹಿತಿ ಕೊಡಲು ಕಚೇರಿಗೆ 30 ದಿನಗಳ ಕಾಲಾವಕಾಶ. ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮೇಲ್ಮನವಿಗೂ ಆದೇಶ ಕೈಸೇರಿದಂದಿನಿಂದ 30 ದಿನವೇ. ಅನ್ಯಾಯವಾಗಿದೆ ಅನ್ನಿಸಿದ್ದರೆ ಉತ್ತರಕ್ಕೆ ಕಾಯದೆ ಮೇಲ್ಮನವಿ ಸಲ್ಲಿಸಿ. ಕಲಿಯುವುದಷ್ಟೇ ಉದ್ದೇಶವಾಗಿದ್ದರೆ ಅರ್ಜಿಯೊಂದೇ ಸಾಕು.