ಬ್ಯಾಟರಿ ಬಿಚ್ಚಿದರೆ ದೀಪ ಆರುತ್ತದೆ, ಸ್ಮಾಗ್ ಟೆಸ್ಟ್ ಪಾಸಾಗುವುದಿಲ್ಲ

ಬೆಂಗಳೂರಿನಲ್ಲಿ ಎಮಿಷನ್ ಟೆಸ್ಟ್ ಎಂದರೆ ಸೈಲೆನ್ಸರಿಗೆ ನಳಿಕೆ ತೂರಿಸಿ ಹೊಗೆ ಅಳೆಯುವುದು. ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮವರು ಅದೇ ಲೆಕ್ಕಾಚಾರದಲ್ಲಿರುತ್ತಾರೆ. ಅಲ್ಲಿನ ಸ್ಮಾಗ್ ಟೆಸ್ಟಿನಲ್ಲಿ 2000ನೇ ಇಸವಿ ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಲ್ಲಿ ಹೊಗೆ ಅಳೆಯುವುದಿಲ್ಲ, ಕಾರಿನ ಕಂಪ್ಯೂಟರನ್ನೇ ವಿಚಾರಿಸುತ್ತಾರೆ.

1. ಚೆಕ್ ಎಂಜಿನ್ ದೀಪ ಹೊತ್ತಿದರೆ, ಸ್ಪ್ಯಾನರ್ ಹಿಡಿಯುವ ಮೊದಲು ಕೋಡ್ ಓದಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿದರೆ ಸಾಕು. ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ನಿನ ಬಿಸಿ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬ ದಾಖಲೆಯೂ ಅದರಲ್ಲಿರುತ್ತದೆ. ಮೆಕ್ಯಾನಿಕ್‌ಗೆ ಬೇಕಾದ ಸುಳಿವು ಅದೇ. ಅಂದಹಾಗೆ, ದೀಪ ಮಿಣುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಗಾಡಿ ಓಡಿಸಬೇಡಿ.

2. ಏನು ಅಳಿಸಿಹೋಗುತ್ತದೆ ಎಂದು ತಿಳಿದಿರಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಟ್ಟರೆ ಹಲವು ಕಾರುಗಳಲ್ಲಿ ಕೋಡ್ ಹೋಗುತ್ತದೆ, ಜೊತೆಗೆ ಆ ದಾಖಲೆಯೂ ಹೋಗುತ್ತದೆ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಕಂಪ್ಯೂಟರ್ ದಿನಗಟ್ಟಲೆ ಕಲಿತ ಲೆಕ್ಕವೂ ಮಾಯ. ಐಡ್ಲಿಂಗ್ ಸ್ವಲ್ಪ ದಿನ ತೊದಲಬಹುದು. ಇದೆಲ್ಲಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಹಾಕಿಕೊಂಡಿದ್ದ ‘ರೆಡಿ’ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

3. ದೀಪ ಹೊತ್ತಿಸಿದ ಪರೀಕ್ಷೆಯೇ ‘ರೆಡಿ’ ಗುರುತನ್ನೂ ಕೊಡಬೇಕು. ಕೋಡ್ P0420 ಎಂದುಕೊಳ್ಳಿ: ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ರಾತ್ರಿ ಬ್ಯಾಟರಿ ಬಿಚ್ಚಿ ಬೆಳಿಗ್ಗೆ ಟೆಸ್ಟಿಗೆ ಹೋದರೆ ದೀಪವೇನೋ ಆರಿರುತ್ತದೆ, ಆದರೆ ಕನ್ವರ್ಟರ್ ಪರೀಕ್ಷೆ ‘ಅಪೂರ್ಣ’ ಎಂದು ತೋರಿಸುತ್ತದೆ. 2000ನೇ ಇಸವಿ ಮತ್ತು ನಂತರದ ಕಾರುಗಳಿಗೆ ಪೆಟ್ರೋಲ್ ಆವಿಯ ಪರೀಕ್ಷೆಯೊಂದು ಬಾಕಿಯಿದ್ದರೆ ಮಾತ್ರ ವಿನಾಯಿತಿ, ಕನ್ವರ್ಟರಿಗೆ ಇಲ್ಲ. ಫೇಲ್. ಸರಿ, ಓಡಿಸಿ ಪೂರ್ಣ ಮಾಡೋಣವೆಂದರೆ, ಪರೀಕ್ಷೆ ನಡೆದಾಗ ಅದೇ ದೋಷ ಮತ್ತೆ ಸಿಗುತ್ತದೆ. ಸಾಮಾನ್ಯವಾಗಿ ಎರಡನೇ ಸಲ ಸಿಕ್ಕಾಗ ದೀಪ ಮತ್ತೆ ಹೊತ್ತುತ್ತದೆ.

4. ರಿಪೇರಿ ಮಾಡಿಸಿ, ಆಮೇಲೆ ಓಡಿಸಿ. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ. ಟ್ಯಾಂಕ್ ಅರ್ಧದ ಆಸುಪಾಸಿನಲ್ಲಿರಲಿ, ತುಂಬಿದ್ದರೂ ಬರಿದಾಗಿದ್ದರೂ ಆವಿಯ ಪರೀಕ್ಷೆ ಶುರುವಾಗುವುದಿಲ್ಲ. ಊರೊಳಗೆ ಒಂದಿಷ್ಟು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಒಂದಿಷ್ಟು ಓಡಿಸಿ. ನಡುವೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ತಾನಾಗಿ ನಿಧಾನಿಸಲು ಬಿಡಿ. ಕ್ರಮ ಕಾರಿನಿಂದ ಕಾರಿಗೆ ಬೇರೆ, ಕೆಲವಕ್ಕೆ ಹಲವು ದಿನ ಬೇಕು. ಸ್ಕ್ಯಾನರ್ ‘ರೆಡಿ’ ಎಂದ ಮೇಲೆ ಟೆಸ್ಟಿಗೆ ಹೋಗಿ.

5. ಕಾರು 2010 ಅಥವಾ ಅದರ ನಂತರದ್ದಾದರೆ ಇನ್ನೊಂದು ಕೊಕ್ಕೆಯಿದೆ: ಶಾಶ್ವತ ಕೋಡ್. ಇದು ಬ್ಯಾಟರಿ ಬಿಚ್ಚಿದರೂ ಸ್ಕ್ಯಾನರಿನಿಂದ ಒರೆಸಿದರೂ ಹೋಗದು. ದೋಷ ನಿಂತಿದೆಯೆಂದು ಕಾರಿಗೇ ಖಾತ್ರಿಯಾದಾಗ ಮಾತ್ರ ಅಳಿಯುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಇದನ್ನೂ ನೋಡುತ್ತದೆ. ಕೋಡ್ ಒರೆಸಿದ ಮೇಲೆ ಎಂಜಿನ್ 15 ಸಲ ಬಿಸಿಯಾಗಿ, ಗಾಡಿ 200 ಮೈಲಿ ಓಡಿದ್ದರೆ ಶಾಶ್ವತ ಕೋಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಲೆಕ್ಕವನ್ನೂ ಕಾರೇ ಇಟ್ಟಿರುತ್ತದೆ.