ತ್ರೈಮಾಸಿಕ ವರದಿ: ಗುರಿ ತಪ್ಪಿದ ಕಾರಣವನ್ನು ಬರೆಯುವ ಬಗೆ

ಮಾರಾಟವು ಗುರಿಗಿಂತ ಕಡಿಮೆಯಾದಾಗ ‘ಪ್ರತಿಕೂಲ ಮಾರುಕಟ್ಟೆ ಪರಿಸ್ಥಿತಿಯೇ ಕಾರಣ’ ಎಂದು ಬರೆಯುವುದು ವಾಡಿಕೆ. ಆದರೆ ಈ ಮಾತಿನಿಂದ ಪಾಲುದಾರರಿಗಾಗಲಿ, ಸಾಲ ನೀಡಿದ ಬ್ಯಾಂಕಿಗಾಗಲಿ ಏನೂ ತಿಳಿಯುವುದಿಲ್ಲ. ಕೊರತೆಯನ್ನು ಕಾರಣವಾರು ವಿಂಗಡಿಸಿ, ಪ್ರತಿಯೊಂದರ ಮುಂದೆಯೂ ರೂಪಾಯಿಯಲ್ಲಿ ಮೊತ್ತವನ್ನು ನಮೂದಿಸಿದಾಗಲೇ ವರದಿ ಉಪಯುಕ್ತವಾಗುತ್ತದೆ.

ವಿಷಯವು ಸ್ಪಷ್ಟವಾಗಲೆಂದು ಮಲ್ಲೇಶ್ವರದಲ್ಲಿ ಒಂದು ಸೀರೆ ಅಂಗಡಿ ಇದೆಯೆಂದು ಭಾವಿಸೋಣ. 2024ರ ಜನವರಿಯಿಂದ ಮಾರ್ಚ್‌ವರೆಗೆ ಸರಾಸರಿ 1,500 ರೂ. ದರದಲ್ಲಿ 2,000 ಸೀರೆ, ಅಂದರೆ 30,00,000 ರೂ. ಮಾರಾಟದ ಗುರಿಯಿತ್ತು. ವಾಸ್ತವವಾಗಿ ಸರಾಸರಿ 1,450 ರೂ. ದರದಲ್ಲಿ 1,700 ಸೀರೆಗಳು ಮಾರಾಟವಾಗಿ 24,65,000 ರೂ. ಬಂದಿತು. ಕೊರತೆ 5,35,000 ರೂ.

ಮೊದಲು ಸಂಖ್ಯೆಯನ್ನೂ ದರವನ್ನೂ ಬೇರ್ಪಡಿಸಬೇಕು. ಮಾರಾಟವಾಗದೆ ಉಳಿದ 300 ಸೀರೆಗಳನ್ನು ಗುರಿಯ ದರದಿಂದ ಗುಣಿಸಿದರೆ 4,50,000 ರೂ. ಆಗುತ್ತದೆ. ಮಾರಾಟವಾದ 1,700 ಸೀರೆಗಳಲ್ಲಿ ತಲಾ 50 ರೂ. ಕಡಿಮೆ ಬಂದುದರಿಂದ 85,000 ರೂ. ಆಗುತ್ತದೆ. ಎರಡನ್ನೂ ಕೂಡಿದಾಗ ಪೂರ್ಣ ಕೊರತೆ ಸರಿಹೊಂದುತ್ತದೆ.

ಅನಂತರ ಈ ಎರಡಕ್ಕೂ ಕಾರಣವನ್ನು ದಾಖಲೆಗಳಲ್ಲಿ ಹುಡುಕಬೇಕು. ಹಿಂದಿನ ವರ್ಷದ ಅಂಕಿಗಳನ್ನು ಆಧರಿಸಿ ಗುರಿ ನಿಗದಿಯಾಗಿತ್ತು. ಆದರೆ ಯುಗಾದಿಯು 2023ರಲ್ಲಿ ಮಾರ್ಚ್ 22ರಂದು ಬಂದಿದ್ದರೆ, 2024ರಲ್ಲಿ ಏಪ್ರಿಲ್ 9ರಂದು ಬಂದಿತು. ಏಪ್ರಿಲ್‌ನ ಮೊದಲ ಎಂಟು ದಿನಗಳಿಗೆ 40 ಸೀರೆಗಳ ಅಂದಾಜಿದ್ದು, ಬಿಲ್ ಪುಸ್ತಕದ ಪ್ರಕಾರ 220 ಮಾರಾಟವಾಗಿವೆ. ಹೆಚ್ಚಾದ 180 ಸೀರೆಗಳನ್ನು, ಅಂದರೆ 2,70,000 ರೂ. ವ್ಯಾಪಾರವನ್ನು ಹಬ್ಬದೊಂದಿಗೆ ಮುಂದಕ್ಕೆ ಸರಿದದ್ದೆಂದು ಪರಿಗಣಿಸಬಹುದು. ಇದು ನಷ್ಟವಲ್ಲ.

ಉಳಿದ 120 ಸೀರೆಗಳ ಕಾರಣ ದಾಸ್ತಾನು ಪುಸ್ತಕದಲ್ಲಿದೆ. ಇಳಕಲ್ ಸೀರೆಗಳ ಸರಕು ಮೂರು ವಾರ ತಡವಾಗಿ ಬಂದಿತ್ತು. ಇದರಿಂದಾದ 1,80,000 ರೂ. ಕೊರತೆ ಮರಳಿ ಬರುವ ಭರವಸೆಯಿಲ್ಲ. ಮುಂಗಡ ಬೇಡಿಕೆಯ ದಿನಾಂಕವನ್ನು ಬದಲಿಸಬೇಕು. ದರದ 85,000 ರೂ. ಬಗ್ಗೆ ಎಚ್ಚರ ಅಗತ್ಯ. ರಿಯಾಯಿತಿ ಕೊಡದಿದ್ದರೂ ಅಗ್ಗದ ಸೀರೆಗಳೇ ಹೆಚ್ಚು ಮಾರಾಟವಾದರೆ ಸರಾಸರಿ ಇಳಿಯುತ್ತದೆ. ಇಲ್ಲಿ ಬಿಲ್ಲುಗಳ ರಿಯಾಯಿತಿ ಕಲಮಿನ ಮೊತ್ತವೂ ಅಷ್ಟೇ ಇರುವುದರಿಂದ, ಇದು ಹಳೆಯ ದಾಸ್ತಾನು ತೆರವುಗೊಳಿಸಲು ಅಂಗಡಿಯೇ ಕೈಗೊಂಡ ತೀರ್ಮಾನದ ಫಲವೆಂದು ಹೇಳಬಹುದು.

ವರದಿಯಲ್ಲಿ ಇಷ್ಟೇ ಸಾಕು: ‘ಕೊರತೆ 5,35,000 ರೂ. ಯುಗಾದಿ ಏಪ್ರಿಲ್‌ಗೆ ಸರಿದುದರಿಂದ 2,70,000. ಸರಕು ತಡವಾದುದರಿಂದ 1,80,000. ಹಳೆಯ ದಾಸ್ತಾನಿನ ರಿಯಾಯಿತಿಯಿಂದ 85,000.’

ಇನ್ನೊಂದು ಕೆಲಸ ಬಾಕಿ ಉಳಿಯುತ್ತದೆ. ಹಬ್ಬದ 2,70,000 ರೂ.ಗಳನ್ನು ಏಪ್ರಿಲ್–ಜೂನ್ ಗುರಿಗೆ ಸೇರಿಸಬೇಕು. ಇಲ್ಲವಾದರೆ ಆ ತ್ರೈಮಾಸಿಕವು ಇಲ್ಲದ ಪ್ರಗತಿಯನ್ನು ತೋರಿಸುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಮರಳಿತು. ಹಾಗೆಯೇ ಬಿಟ್ಟ ಲೆಕ್ಕವು ಆಗ ಮತ್ತೆ ತಲೆಕೆಳಗಾಗುತ್ತಿತ್ತು.