‘ಕಡಿಮೆಯಿಲ್ಲ’ ಎಂದರೆ ‘ಹೆಚ್ಚು’ ಎಂದಲ್ಲ

ಸಿಎ ಫೌಂಡೇಶನ್‌ನಲ್ಲಿ ಲಾಜಿಕಲ್ ರೀಸನಿಂಗ್ ಇರುವ ಪತ್ರಿಕೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ರ‍್ಯಾಂಕ್ ಕೇಳುವ ಪ್ರಶ್ನೆಗಳಲ್ಲಿ ಕೈಕೊಡುವುದು ಹೆಚ್ಚಾಗಿ ಸಮ ಅಂಕಗಳು ಮತ್ತು ‘ಹೀಗಿದ್ದರೆ ಹಾಗೆ’ ಎನ್ನುವ ಸುಳಿವುಗಳು. ಒಂದು ಲೆಕ್ಕ ಮಾಡಿ ನೋಡೋಣ.

ಆಸಿಫ್, ಬೀನಾ, ಚೇತನ್, ದಾನಿಶ್, ಫರ್ಹಾನಾ ಒಂದು ಟೆಸ್ಟ್ ಬರೆದಿದ್ದಾರೆ. ಬೀನಾಳ ಅಂಕ ಆಸಿಫ್‌ಗಿಂತ ಕಡಿಮೆಯಿಲ್ಲ. ಆಸಿಫ್ ಚೇತನ್‌ಗಿಂತ ಮೇಲೆ. ದಾನಿಶ್ ಚೇತನ್‌ಗಿಂತ ಹೆಚ್ಚು ತೆಗೆದಿಲ್ಲ, ಫರ್ಹಾನಾ ಚೇತನ್‌ಗಿಂತ ಕೆಳಗೆ. ಬೀನಾ ಮತ್ತು ಆಸಿಫ್ ಸಮವಾಗಿದ್ದರೆ, ಫರ್ಹಾನಾ ಆಸಿಫ್‌ಗಿಂತ ಮೇಲೆ. ದಾನಿಶ್ ಚೇತನ್‌ಗಿಂತ ಕೆಳಗಿದ್ದರೆ, ಫರ್ಹಾನಾ ದಾನಿಶ್‌ಗಿಂತ ಕೆಳಗೆ. ಸಮ ಅಂಕ ಪಡೆದವರು ಇಬ್ಬರೇ.

ನಮ್ಮ ಮನೆಯ ಉರ್ದುವಿನಲ್ಲಿ ‘ಕಿಸೀ ಸೇ ಕಮ್ ನಹೀಂ’ ಎಂದರೆ ಹೊಗಳಿಕೆ. ಲೆಕ್ಕದಲ್ಲಿ ಮಾತ್ರ ಅದು ಹೆಚ್ಚೂ ಆಗಬಹುದು, ಸಮವೂ ಆಗಬಹುದು. ಹಾಗಾಗಿ ≥ ಹಾಕಬೇಕು. ಹೆಸರಿನ ಮೊದಲ ಅಕ್ಷರ ಹಿಡಿದು ಸರಪಳಿ ಬರೆಯೋಣ:

ಬೀ ≥ ಆ > ಚೇ ≥ ದಾ
ಚೇ > ಫ

ಫರ್ಹಾನಾಳನ್ನು ಬೇರೆ ಸಾಲಿನಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಅವಳೂ ದಾನಿಶ್‌ನೂ ಇಬ್ಬರೂ ಚೇತನ್‌ಗಿಂತ ಮೇಲೆ ಬರದವರು, ಆದರೆ ಅವರಿಬ್ಬರಲ್ಲಿ ಯಾರು ಮೇಲೆ ಎಂದು ಇನ್ನೂ ಗೊತ್ತಿಲ್ಲ. ಜಾಗ ಇದೆ ಎಂದು ಮೊದಲ ಸಾಲಿನ ಕೊನೆಗೆ ಸೇರಿಸಿದರೆ, ಇಲ್ಲದ ಸುಳಿವೊಂದನ್ನು ನಾವೇ ಹುಟ್ಟಿಸಿದಂತೆ. ಸರಪಳಿಯಲ್ಲಿ ಒಂದೇ ಒಂದು > ಇದ್ದರೂ ಅದರ ಎರಡು ತುದಿಗಳು ಸಮವಾಗುವುದಿಲ್ಲ. ಆದ್ದರಿಂದ ಬೀ > ಫ, ಆ > ಫ ಎರಡೂ ಖಚಿತ.

ಈಗ ‘ಇದ್ದರೆ’ ಸುಳಿವುಗಳು. ‘ಇದ್ದರೆ’ ಭಾಗ ನಿಜ ಎಂದುಕೊಂಡು ಸರಪಳಿಗೆ ತಾಳೆ ನೋಡಬೇಕು. ಬೀ = ಆ ಎಂದುಕೊಂಡರೆ ಫ > ಆ ಆಗಬೇಕು. ನಮ್ಮ ಹತ್ತಿರ ಇರುವುದು ಆ > ಫ. ಹೊಂದುವುದಿಲ್ಲ, ಹಾಗಾಗಿ ಬೀ > ಆ.

ಎರಡನೆಯದು: ಚೇ > ದಾ ಎಂದುಕೊಂಡರೆ ದಾ > ಫ. ಆಗ ಸಾಲು ಬೀ > ಆ > ಚೇ > ದಾ > ಫ ಆಗಿ, ಸಮ ಅಂಕದವರೇ ಉಳಿಯುವುದಿಲ್ಲ. ಇಬ್ಬರು ಸಮ ಇರಲೇಬೇಕಲ್ಲ! ಆದ್ದರಿಂದ ಚೇ = ದಾ, ಮತ್ತು ಚೇ > ಫ ಇರುವುದರಿಂದ ದಾ > ಫ.

ಬೀ > ಆ > ಚೇ = ದಾ > ಫ

ಗಮನಿಸಿ, ಎರಡು ಸುಳಿವುಗಳಲ್ಲೂ ‘ಇದ್ದರೆ’ ಭಾಗ ಕೊನೆಗೆ ಸುಳ್ಳೇ ಆಯಿತು. ಆದರೂ ಉತ್ತರ ಸಿಕ್ಕಿದ್ದು ಅವುಗಳಿಂದಲೇ. ಹಲವರು ಇಲ್ಲಿ ತಿರುಗಿಸಿ ಓದುತ್ತಾರೆ: ಫರ್ಹಾನಾ ದಾನಿಶ್‌ಗಿಂತ ಕೆಳಗಿದ್ದಾಳೆ, ಹಾಗಾದರೆ ದಾನಿಶ್ ಚೇತನ್‌ಗಿಂತ ಕೆಳಗೆ ಎಂದು. ಸುಳಿವು ಹಾಗೆ ಹೇಳಿಲ್ಲ.

ಇನ್ನು ರ‍್ಯಾಂಕ್: ಬೀನಾ 1, ಆಸಿಫ್ 2, ಚೇತನ್ ಮತ್ತು ದಾನಿಶ್ ಇಬ್ಬರೂ 3. ಫರ್ಹಾನಾಳ ಮೇಲೆ ನಾಲ್ವರಿದ್ದಾರೆ, ಸಾಮಾನ್ಯ ಪದ್ಧತಿಯಲ್ಲಿ ಅವಳದು 5. ಸಮ ರ‍್ಯಾಂಕಿನ ನಂತರ ಅಂಕೆ ಬಿಡಬಾರದು ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ ಮಾತ್ರ 4.